ಕಿವಿ ಎಲ್ಲಿ ತಪ್ಪುತ್ತೆ? ಐಇಎಲ್‌ಟಿಎಸ್ ಲಿಸನಿಂಗ್ ಬಗ್ಗೆ ಒಂದು ಮಾತು



ನಾನು ಹಾವೇರಿ ಕಡೆಯವನು. ಎಂ.ಟೆಕ್ ಮುಗಿಸಿ ಹತ್ತು ವರ್ಷದಿಂದ ಹೈದರಾಬಾದಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡ್ತಿದೀನಿ. ಇಂಗ್ಲಿಷ್ ಮೇಷ್ಟ್ರಲ್ಲ, ಕೋಚಿಂಗ್ ಸೆಂಟರ್ ನಡೆಸೋನೂ ಅಲ್ಲ. ಐಇಎಲ್‌ಟಿಎಸ್‌ನ ಲಿಸನಿಂಗ್ ಭಾಗದಲ್ಲಿ ಒಂದು ಸಲ ಬಿದ್ದು, ಯಾಕೆ ಬಿದ್ದೆ ಅಂತ ಲೆಕ್ಕ ಹಾಕಿ, ಎರಡನೇ ಸಲ ದಾಟಿದವನು. ಆ ಲೆಕ್ಕವನ್ನೇ ಇವತ್ತು ನಿಮ್ಮ ಮುಂದೆ ಬಿಚ್ಚಿಡ್ತೀನಿ.

ಮೊದಲು ಗಂಟು ಎಲ್ಲಿತ್ತು ಅಂತ ಹೇಳ್ತೀನಿ. ನಾನು, ನನ್ನ ಹೆಂಡತಿ ಇಬ್ಬರೂ ಸೇರಿ ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿಗೆ ಅರ್ಜಿ ಹಾಕೋಣ ಅಂದುಕೊಂಡಿದ್ವಿ. ಅಲ್ಲಿ ಭಾಷೆಗೆ ಸಿಎಲ್‌ಬಿ ಅಂತ ಒಂದು ಅಳತೆ ಇದೆ. ಸಿಎಲ್‌ಬಿ 9 ಮುಟ್ಟಿದರೆ ಅಂಕ ಒಮ್ಮೆಲೇ ಏರುತ್ತೆ. ಅದಕ್ಕೆ ಓದು, ಬರಹ, ಮಾತು ಈ ಮೂರರಲ್ಲಿ 7 ಸಾಕು, ಆದರೆ ಲಿಸನಿಂಗ್‌ನಲ್ಲಿ 8 ಬೇಕು. ನನಗೆ ಬಂದಿದ್ದು 7. ಕಂಪನಿಯಲ್ಲಿ ದಿನಾ ಲಂಡನ್ ಕಡೆಯವರ ಜೊತೆ ಕಾಲ್ ಮಾಡೋನು ನಾನು, ಕೇಳೋದರಲ್ಲೇ ಬಿದ್ದೆ! ಅದರ ಮೇಲೆ 30 ದಾಟಿದ ಮೇಲೆ ವರ್ಷ ವರ್ಷಕ್ಕೂ ವಯಸ್ಸಿನ ಅಂಕ ಇಳೀತಾ ಹೋಗುತ್ತೆ. ಹಾಗಾಗಿ "ನಿಧಾನಕ್ಕೆ ನೋಡಿಕೊಂಡರಾಯ್ತು" ಅನ್ನೋ ಹಾಗೂ ಇರಲಿಲ್ಲ.

ಪರೀಕ್ಷೆ ಗೊತ್ತಿಲ್ಲದವರಿಗೆ ಎರಡು ಮಾತಿನಲ್ಲಿ ಹೇಳಿಬಿಡ್ತೀನಿ. ಒಟ್ಟು ನಾಲ್ಕು ಭಾಗ, 40 ಪ್ರಶ್ನೆ, ಸುಮಾರು 30 ನಿಮಿಷ. ಧ್ವನಿ ಒಂದೇ ಸಲ ಕೇಳಿಸ್ತಾರೆ. ಮೊದಲನೇದು ಇಬ್ಬರ ದಿನಬಳಕೆಯ ಮಾತು. ಎರಡನೇದು ಸಾಮಾನ್ಯವಾಗಿ ಒಬ್ಬರೇ ಒಂದು ಜಾಗದ ಬಗ್ಗೆಯೋ ಸೌಲಭ್ಯದ ಬಗ್ಗೆಯೋ ವಿವರಿಸೋದು, ನಕ್ಷೆ ಹೆಚ್ಚಾಗಿ ಇಲ್ಲೇ ಬರುತ್ತೆ. ಮೂರನೇದು ಕಾಲೇಜಿನ ವಿಷಯ, ಇಬ್ಬರಿಂದ ನಾಲ್ವರ ತನಕ ಮಾತಾಡ್ತಾರೆ. ನಾಲ್ಕನೇದು ಒಬ್ಬರೇ ಕೊಡೋ ಉಪನ್ಯಾಸ, ಇದರಲ್ಲಿ ನಡುವೆ ಬಿಡುವೇ ಇಲ್ಲ. 40ಕ್ಕೆ 30 ಸರಿಯಾದರೆ ಸುಮಾರು 7, 35 ಸರಿಯಾದರೆ ಸುಮಾರು 8. ಅಂದರೆ ನನಗೂ ಕೆನಡಾಗೂ ನಡುವೆ ಇದ್ದದ್ದು ಐದು ಪ್ರಶ್ನೆ.

ಸೋತ ಮೇಲೆ ಎಲ್ಲರೂ ಕೊಟ್ಟ ಸಲಹೆ ಒಂದೇ. "ಇಂಗ್ಲಿಷ್ ಸಿನಿಮಾ ನೋಡು, ಪಾಡ್‌ಕಾಸ್ಟ್ ಕೇಳು, ಕಿವಿ ತಾನಾಗೇ ಪಳಗುತ್ತೆ." ಎರಡು ತಿಂಗಳು ಕೇಳಿದೆ. ಅಂಕ ಒಂದಿಂಚೂ ಅಲುಗಲಿಲ್ಲ. ಆಮೇಲೆ ನಾವು ಆಫೀಸಲ್ಲಿ ದಿನಾ ಮಾಡೋ ಕೆಲಸವನ್ನೇ ಇಲ್ಲೂ ಮಾಡಿದೆ, ಲಾಗ್ ತೆಗೆದೆ. ಆರು ಹಳೇ ಪ್ರಶ್ನೆಪತ್ರಿಕೆ ಬರೆದು, ತಪ್ಪಾದ ಪ್ರತಿಯೊಂದರ ಮುಂದೆ ಯಾಕೆ ತಪ್ಪಾಯ್ತು ಅಂತ ಬರೆದೆ. 240 ಪ್ರಶ್ನೆಯಲ್ಲಿ 54 ತಪ್ಪು. ಅದರಲ್ಲಿ 19 ಕಡೆ ಗೊತ್ತಿರೋ ಪದವೇ, ಆದರೆ ಉಚ್ಚಾರ ಬೇರೆ ಆಗಿದ್ದರಿಂದ ಗುರುತು ಸಿಗಲಿಲ್ಲ. 14 ಕಡೆ ಮಾತು ಪೂರ್ತಿ ಅರ್ಥ ಆಗಿತ್ತು, ಆದರೆ ಕೊನೆಗೆ ಏನು ತೀರ್ಮಾನ ಆಯ್ತು ಅನ್ನೋದು ತಪ್ಪಿತ್ತು. 12 ನಕ್ಷೆಯಲ್ಲಿ. ಉಳಿದ 9 ಸ್ಪೆಲ್ಲಿಂಗ್, ಕೊನೆಯ ‘ಎಸ್’ ಬಿಟ್ಟಿದ್ದು, ಈ ಥರದವು. ಪದದ ಅರ್ಥವೇ ಗೊತ್ತಿಲ್ಲದೆ ತಪ್ಪಿದ್ದು ಒಂದೂ ಇರಲಿಲ್ಲ. ಅಂದರೆ ನನ್ನ ಇಂಗ್ಲಿಷ್ ಕಡಿಮೆ ಇರಲಿಲ್ಲ. ಮೂರು ಜಾಗದಲ್ಲಿ ಕಿವಿ ಒಂದನ್ನು ಕಾಯ್ತಾ ಇತ್ತು, ಬರ್ತಾ ಇದ್ದಿದ್ದು ಇನ್ನೊಂದು. ಆ ಮೂರನ್ನೂ ಒಂದೊಂದಾಗಿ ನೋಡೋಣ.

ಉಚ್ಚಾರ: ಕೇಳಿದ್ದನ್ನು ಕನ್ನಡದಲ್ಲಿ ಬರೀರಿ

ಎಂ.ಟೆಕ್ ಹಾಸ್ಟೆಲಿನಲ್ಲಿ ನನ್ನ ರೂಮ್‌ಮೇಟ್ ಕುಂದಾಪುರದವನು. ಅವನು ಮನೆಗೆ ಫೋನ್ ಮಾಡಿದಾಗ ಮೊದಲ ವಾರ ನನಗೆ ಒಂದಕ್ಷರ ತಿಳೀತಿರಲಿಲ್ಲ. ಕನ್ನಡವೇ, ಆದರೂ ತಿಳೀತಿರಲಿಲ್ಲ. ಒಂದಿನ ಕೇಳಿದೆ, "ಏನಪಾ ಅದು, ಬರ್ಕ್ ಮಾಡ್ಕ್ ಅಂತೀಯಲ್ಲ?" ಅವನು ನಕ್ಕು "ಬರಬೇಕು, ಮಾಡಬೇಕು ಮಾರಾಯಾ" ಅಂದ. ‘ಬೇಕು’ ಕರಗಿ ‘ಕ್’ ಆಗುತ್ತೆ, ಅಷ್ಟೇ. ಆ ಒಂದು ಸೂತ್ರ ಸಿಕ್ಕಿದ್ದೇ ತಡ, ಅವನ ಅರ್ಧ ಮಾತು ತೆರೆದುಕೊಂಡ್ತು. ನಾನು ಹೊಸ ಪದ ಕಲಿತಿರಲಿಲ್ಲ, ಗೊತ್ತಿದ್ದ ಪದ ಯಾವ ವೇಷದಲ್ಲಿ ಬರುತ್ತೆ ಅಂತ ಕಲಿತಿದ್ದೆ.

ಇಂಗ್ಲಿಷಿನ ಆಕ್ಸೆಂಟೂ ಹೀಗೇ. ಈ ಪರೀಕ್ಷೆಯಲ್ಲಿ ಬ್ರಿಟಿಷ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಉತ್ತರ ಅಮೆರಿಕದ ದನಿಗಳು ಬರುತ್ತವೆ. ಒಂದೊಂದಕ್ಕೂ ನಮ್ಮನ್ನು ಎಡವಿಸೋ ಸೂತ್ರ ಎರಡೋ ಮೂರೋ ಇರುತ್ತೆ, ಅಷ್ಟೇ.

ಬ್ರಿಟಿಷರದ್ದು ತಗೊಳ್ಳಿ. ಲಂಡನ್ ಕಡೆಯ ಇಂಗ್ಲಿಷಿನಲ್ಲಿ ಸ್ವರ ಆದ ಮೇಲೆ ಬರೋ ‘ರ್’, ಅದರ ಹಿಂದೆಯೇ ಇನ್ನೊಂದು ಸ್ವರ ಬರದಿದ್ದರೆ, ಕೇಳಿಸೋದೇ ಇಲ್ಲ. ಕಾರ್ಡ್ ‘ಕಾಡ್’ ಆಗುತ್ತೆ, ನಾರ್ತ್ ‘ನಾತ್’ ಆಗುತ್ತೆ. ನಮಗೆ ಇದು ಹೆಚ್ಚು ಕಷ್ಟ, ಯಾಕಂದರೆ ಕನ್ನಡದಲ್ಲಿ ಬರೆದದ್ದನ್ನೆಲ್ಲ ನುಡೀತೀವಿ, ಇಂಗ್ಲಿಷ್ ಓದುವಾಗಲೂ ‘ರ್’ ಅನ್ನು ಗಟ್ಟಿಯಾಗೇ ಹೇಳ್ತೀವಿ. ನದಿಗಳ ಬಗ್ಗೆ ಒಂದು ಅಭ್ಯಾಸ ಉಪನ್ಯಾಸದಲ್ಲಿ ‘ವಾಟ ಸಾಸ್’ ಅಂತ ಕೇಳಿಸ್ತು. ನಾನು ತಿನ್ನೋ ಸಾಸ್ ಅಂತಲೇ ಬರೆದೆ. ಅದು ನೀರಿನ ಸೋರ್ಸ್, ಅಂದರೆ ಮೂಲ. ಆ ದನಿಯಲ್ಲಿ ಸೋರ್ಸ್, ಸಾಸ್ ಎರಡೂ ಒಂದೇ ಥರ ಕೇಳಿಸುತ್ತೆ.

ಆಸ್ಟ್ರೇಲಿಯಾದವರದ್ದು ‘ಏ’ ಹೋಗಿ ‘ಐ’ ಹತ್ತಿರಕ್ಕೆ ಬರುತ್ತೆ. ಟುಡೇ ‘ಟುಡೈ’, ಏಟ್ ‘ಐಟ್’. ಹೆಸರಿನ ಸ್ಪೆಲ್ಲಿಂಗ್ ಹೇಳುವಾಗ ‘ಎ’ ಅಕ್ಷರ ‘ಐ’ ಥರ ಕೇಳಿಸುತ್ತೆ, ಅಲ್ಲೇ ಒಂದು ಅಂಕ ಜಾರುತ್ತೆ.

ನ್ಯೂಜಿಲೆಂಡಿನವರದ್ದು ಇನ್ನೊಂದು ಮೆಟ್ಟಿಲು ಕೆಳಗೆ. ಅಲ್ಲಿ ‘ಎ’ ಎಂಬುದು ‘ಇ’ ಕಡೆ ಜಾರುತ್ತೆ: ಪೆನ್ ‘ಪಿನ್’ ಥರ, ಡೆಸ್ಕ್ ‘ಡಿಸ್ಕ್’ ಥರ. ಹಾಗಾದರೆ ನಿಜವಾದ ‘ಇ’ ಎಲ್ಲಿ ಹೋಯ್ತು? ಅದು ‘ಅ’ ಕಡೆ ಸರಿದಿರುತ್ತೆ: ಸಿಕ್ಸ್ ‘ಸಕ್ಸ್’ ಥರ, ಫಿಶ್ ‘ಫಶ್’ ಥರ. ಬಸ್ಸಿನಲ್ಲಿ ಒಬ್ಬರು ಪಕ್ಕಕ್ಕೆ ಸರಿದರೆ ಸಾಲೆಲ್ಲ ಸರಿಯೋ ಹಾಗೆ. ಇನ್ನೂ ಒಂದು, ಅವರಲ್ಲಿ ತುಂಬ ಜನಕ್ಕೆ ಚೇರ್, ಚಿಯರ್ ಎರಡೂ ಒಂದೇ.

ಅಮೆರಿಕ, ಕೆನಡಾದವರು ‘ರ್’ ಅನ್ನು ನುಂಗೋದಿಲ್ಲ, ಅದರಿಂದ ನಮಗೆ ಹಗುರ ಅನ್ಸುತ್ತೆ. ಆದರೆ ಎರಡು ಸ್ವರದ ನಡುವಿನ ‘ಟ’ ಅಲ್ಲಿ ‘ಡ’ ಆಗುತ್ತೆ. ವಾಟರ್ ‘ವಾಡರ್’, ಸಿಟಿ ‘ಸಿಡಿ’. ‘ನ್’ ಆದ ಮೇಲೆ ಬಂದರೆ ಕೆಲವು ಸಲ ಪೂರ್ತಿ ಮಾಯ, ಟ್ವೆಂಟಿ ‘ಟ್ವೆನಿ’, ಇಂಟರ್‌ವ್ಯೂ ‘ಇನರ್‌ವ್ಯೂ’. ಅಪಾಯ ಇರೋದು ಕ್ಯಾನ್ ಮತ್ತು ಕ್ಯಾಂಟ್‌ನಲ್ಲಿ. ಬ್ರಿಟಿಷರು ‘ಕಾಂಟ್’ ಅಂತ ಎಳೀತಾರೆ, ಗೊತ್ತಾಗುತ್ತೆ. ಅಮೆರಿಕದವರು ಕೊನೆಯ ‘ಟ್’ ನುಂಗಿಬಿಡ್ತಾರೆ. ಅಲ್ಲಿ ‘ಟ್’ಗೆ ಕಾಯಬೇಡಿ, ಸ್ವರಕ್ಕೆ ಕಿವಿ ಕೊಡಿ. ವಾಕ್ಯದ ನಡುವೆ ‘ಆಗುತ್ತೆ’ ಅನ್ನೋ ಕ್ಯಾನ್ ಸಣ್ಣಗೆ ‘ಕ್ನ್’ ಅಂತ ಓಡಿಹೋಗುತ್ತೆ. ‘ಆಗಲ್ಲ’ ಅನ್ನೋದು ‘ಕ್ಯಾನ್’ ಅಂತ ಪೂರ್ತಿಯಾಗಿ, ಒತ್ತಿ ಬರುತ್ತೆ. ಸ್ಪಷ್ಟವಾಗಿ ಕೇಳಿಸಿದರೆ ಬಹುಪಾಲು ಅದು ಇಲ್ಲ ಅನ್ನೋ ಮಾತು.

ಸರಿ, ಇದನ್ನು ಕಿವಿಗೆ ಹತ್ತಿಸೋದು ಹೇಗೆ? ನಾನು ಮಾಡಿದ್ದು ಇದು. ಒಂದು ನಿಮಿಷದ ತುಣುಕು ತಗೊಳ್ಳಿ, ಅದರ ಬರಹರೂಪ ಇರಲೇಬೇಕು. ಕೇಂಬ್ರಿಜ್‌ನ ಐಇಎಲ್‌ಟಿಎಸ್ ಪುಸ್ತಕಗಳ ಹಿಂದುಗಡೆ ಧ್ವನಿಯ ಪೂರ್ತಿ ಬರಹ ಇರುತ್ತೆ, ಅದೇ ಸಾಕು. ಬರಹ ಮುಚ್ಚಿಟ್ಟು ಕೇಳಿ. ಕೇಳಿದ್ದನ್ನು ಇಂಗ್ಲಿಷಿನಲ್ಲಿ ಬರೀಬೇಡಿ, ಕನ್ನಡ ಲಿಪಿಯಲ್ಲಿ ಬರೀರಿ. ಅರ್ಥ ಹುಡುಕಬೇಡಿ, ಬರೀ ಸದ್ದು ಬರೀರಿ. ಆಮೇಲೆ ಬರಹ ತೆಗೆದು ಪಕ್ಕದಲ್ಲಿ ಇಟ್ಟು ನೋಡಿ.

ಯಾಕೆ ಕನ್ನಡ ಅಂದರೆ, ಇಂಗ್ಲಿಷಿನಲ್ಲಿ ಬರೆದರೆ ಮೆದುಳು ಮೋಸ ಮಾಡುತ್ತೆ. ಕೇಳಿದ್ದನ್ನು ಬಿಟ್ಟು, ತನಗೆ ಗೊತ್ತಿರೋ ಸ್ಪೆಲ್ಲಿಂಗನ್ನು ಬರೆದುಬಿಡುತ್ತೆ. ಕನ್ನಡದಲ್ಲಿ ಕೇಳಿದ ಹಾಗೇ ಬರೀಬಹುದು. ಹೀಗಾಗಿ ಕಿವಿಗೂ ಕಾಗದಕ್ಕೂ ಇರೋ ವ್ಯತ್ಯಾಸ ಕಣ್ಣಿಗೇ ಕಾಣುತ್ತೆ.

ಒಂದು ಉದಾಹರಣೆ ಕೊಡ್ತೀನಿ. ಆಸ್ಟ್ರೇಲಿಯಾದ ಹೊಲಗಳಲ್ಲಿ ಮಣ್ಣು ಉಪ್ಪಾಗೋ ಸಮಸ್ಯೆ ಇದೆ. ಆಳಕ್ಕೆ ಬೇರು ಬಿಡೋ ಮರ ಕಡಿದು, ಮೇಲ್ಮೇಲೆ ಬೇರಿರೋ ಬೆಳೆ ಹಾಕಿದಾಗ ಅಂತರ್ಜಲ ಮೇಲೇರುತ್ತೆ, ಜೊತೆಗೆ ಉಪ್ಪನ್ನೂ ಮೇಲಕ್ಕೆ ತರುತ್ತೆ. ಇದರ ಬಗ್ಗೆ ಅಲ್ಲಿಯವರೊಬ್ಬರ ಉಪನ್ಯಾಸ ಕೇಳ್ತಿದ್ದೆ. ಹೊಲಕ್ಕೆ ಏನು ಮಾಡಬೇಕು ಅನ್ನೋ ಕಡೆ ಇಂಗ್ಲಿಷಿನಲ್ಲಿ ನಾನು ‘ಡ್ರೈಡ್’ ಅಂತ ಬರೆದಿದ್ದೆ, ಒಣಗಿಸಬೇಕು ಅಂತ. ಮತ್ತೆ ಕೇಳಿ ಕನ್ನಡದಲ್ಲಿ ಬರೆದಾಗ ಕಾಗದದ ಮೇಲೆ ಬಂದಿದ್ದು ‘ಡ್ರೈನ್ಡ್’. ನಡುವೆ ಒಂದು ‘ನ್’ ಇದೆಯಲ್ಲ! ಆಸ್ಟ್ರೇಲಿಯಾದ ‘ಐ’ ಅಂದರೆ ನಮ್ಮ ‘ಏ’, ಹಾಗಾದರೆ ಅದು ‘ಡ್ರೇನ್ಡ್’, ನೀರು ಬಸಿದು ಹೋಗೋ ಹಾಗೆ ಮಾಡಬೇಕು ಅಂತ. ಆ ‘ನ್’ ಮೊದಲೂ ನನ್ನ ಕಿವಿಗೆ ಬಿದ್ದಿತ್ತು. ‘ಡ್ರೈ’ ಅನ್ನೋ ಗೊತ್ತಿರೋ ಪದ ಸಿಕ್ಕ ಖುಷಿಯಲ್ಲಿ ಮೆದುಳು ಅದನ್ನು ಅಳಿಸಿಹಾಕಿತ್ತು.

ದಿನಕ್ಕೆ 20 ನಿಮಿಷ, ಒಂದು ವಾರ ಪೂರ್ತಿ ಒಂದೇ ದೇಶದ ದನಿ. ದಿನಕ್ಕೊಂದು ದೇಶ ಬದಲಾಯಿಸಿದರೆ ಸೂತ್ರ ಕೂರೋದಿಲ್ಲ. ಪುಸ್ತಕದ ತುಣುಕು ಮುಗಿದ ಮೇಲೆ ಆಸ್ಟ್ರೇಲಿಯಾಕ್ಕೆ ಎಬಿಸಿ ರೇಡಿಯೋ, ನ್ಯೂಜಿಲೆಂಡಿಗೆ ಆರ್‌ಎನ್‌ಝಡ್, ಕೆನಡಾಕ್ಕೆ ಸಿಬಿಸಿ, ಇವನ್ನು ಬರೀ ಕೇಳೋದಕ್ಕೆ ಇಟ್ಟುಕೊಂಡಿದ್ದೆ.

ಈ ಉಪಾಯಕ್ಕೂ ಮಿತಿ ಇದೆ. ನಮ್ಮ ‘ವ’ ಒಂದೇ, ಇಂಗ್ಲಿಷಿನ ‘ವಿ’ ಮತ್ತು ‘ಡಬ್ಲ್ಯೂ’ ಎರಡನ್ನೂ ಅದರಲ್ಲೇ ಬರೀತೀವಿ, ಹಾಗಾಗಿ ಆ ವ್ಯತ್ಯಾಸ ಕನ್ನಡ ಲಿಪಿ ಹಿಡಿಯೋದಿಲ್ಲ. ಒತ್ತು ಎಲ್ಲಿ ಬಿತ್ತು ಅನ್ನೋದನ್ನೂ ಹಿಡಿಯೋದಿಲ್ಲ. ಥರ್ಟೀನ್, ಥರ್ಟಿ ನಡುವೆ ಮುಖ್ಯ ವ್ಯತ್ಯಾಸ ಒತ್ತಿನದ್ದೇ. ಅದಕ್ಕೆ ನಾನು ಜೋರಾಗಿ ಕೇಳಿಸಿದ ಅಕ್ಷರದ ಕೆಳಗೆ ಒಂದು ಗೆರೆ ಎಳೀತಿದ್ದೆ.

ಪರೀಕ್ಷೆಯ ದಿನ ಉಪನ್ಯಾಸ ಶುರುವಾದಾಗ ಮೊದಲ ಎರಡು ವಾಕ್ಯದಲ್ಲಿ ಯಾವ ಕಡೆಯ ದನಿ ಅಂತ ಗುರುತಿಸಿ, ಅದರ ಸೂತ್ರ ತಲೆಯಲ್ಲಿ ಹಾಕಿಕೊಳ್ಳಿ. ಉತ್ತರಗಳು ಪ್ರಶ್ನೆಯ ಕ್ರಮದಲ್ಲೇ ಬರುತ್ತವೆ. ಒಂದು ತಪ್ಪಿಹೋದರೆ ಅದರ ಹಿಂದೆ ಓಡಬೇಡಿ, ಮುಂದಿನ ಪ್ರಶ್ನೆಯ ಮುಖ್ಯ ಪದಕ್ಕೆ ಕಣ್ಣು ಇಡಿ. ನಾಲ್ಕನೇ ಭಾಗದಲ್ಲಿ ಬಿಡುವಿಲ್ಲ ಅಂದೆನಲ್ಲ, ಅಲ್ಲಿ ಒಂದಕ್ಕೆ ಯೋಚನೆ ಮಾಡ್ತಾ ನಿಂತರೆ ಮೂರು ಹೋಗುತ್ತೆ.

ನಾಲ್ಕು ಜನರ ಮಾತು: ‘ನೋಡೋಣ ಬಿಡಿ’ ಅಂದರೆ ಏನು?

ಮೂರನೇ ಭಾಗದಲ್ಲಿ ನನ್ನ ತಪ್ಪುಗಳನ್ನು ನೋಡಿದಾಗ ಒಂದು ವಿಚಿತ್ರ ಕಂಡಿತು. 14ರಲ್ಲಿ 11 ಕಡೆ ನಾನು ಬರೆದ ಉತ್ತರ ಧ್ವನಿಯಲ್ಲಿ ಇದ್ದೇ ಇತ್ತು. ಯಾರೋ ಅದನ್ನು ಹೇಳಿದ್ದರು. ಆದರೆ ಆಮೇಲೆ ಅದು ಬಿದ್ದುಹೋಗಿತ್ತು, ಬಿದ್ದದ್ದು ನನಗೆ ಗೊತ್ತಾಗಿರಲಿಲ್ಲ.

ಯಾಕೆ ಗೊತ್ತಾಗಿಲ್ಲ? ಆ ಜನ ‘ಬೇಡ’ ಅನ್ನೋದಿಲ್ಲ. ನಮ್ಮಲ್ಲೂ ಅಷ್ಟೇ ಅಲ್ವಾ? ಮದುವೆ ಮಾತುಕತೆಗೆ ಹೋದಾಗ ಗಂಡಿನ ಕಡೆಯವರು "ಆಯ್ತು, ನೋಡೋಣ ಬಿಡಿ, ಫೋನ್ ಮಾಡ್ತೀವಿ" ಅಂದರೆ ಅದು ಇಲ್ಲ ಅಂತಲೇ. ಹೊರಗಿನವನೊಬ್ಬ ಅದನ್ನು ಕೇಳಿ "ಒಪ್ಪಿದರು" ಅಂದುಕೊಂಡರೆ ನಾವು ನಗ್ತೀವಿ. ನಾನು ಇಂಗ್ಲಿಷಿನಲ್ಲಿ ಆ ಹೊರಗಿನವನಾಗಿದ್ದೆ. ‘ದಟ್ಸ್ ಆನ್ ಐಡಿಯಾ’ ಅಂದು ಹಿಂದೆಯೇ ‘ದೋ’ ಅಂತಲೋ ‘ಬಟ್’ ಅಂತಲೋ ಬಂದರೆ, ಹೇಳಿದ್ದು ಬಿತ್ತು. ‘ಐ ಸಪೋಸ್ ವಿ ಕುಡ್’ ಅಂತ ದನಿ ಎಳೆದರೆ ಮನಸ್ಸಿಲ್ಲ ಅಂತ. ‘ದಟ್ಸ್ ವಾಟ್ ಐ ಥಾಟ್, ಅಂಟಿಲ್’ ಅಂದರೆ ಮೊದಲು ಹಾಗಂದುಕೊಂಡಿದ್ದೆ, ಈಗ ಇಲ್ಲ. ಇನ್ನೊಂದು ಕಡೆ ‘ಫೇರ್ ಇನಫ್’ ಅನ್ನೋದು ಬರೀ ಎರಡು ಪದ, ಆದರೆ ಅಲ್ಲಿ ಅವನು ತನ್ನ ಪಟ್ಟು ಬಿಟ್ಟು ಎದುರಿನವರ ಮಾತಿಗೆ ಒಪ್ಪಿದ.

ಒಂದು ಸಂಭಾಷಣೆ ಕಟ್ಟಿ ತೋರಿಸ್ತೀನಿ. ಒಬ್ಬ ಹುಡುಗ, ಒಬ್ಬಳು ಹುಡುಗಿ, ಒಬ್ಬರು ಮೇಡಂ. ನಗರದ ಬಸ್ ಪ್ರಯಾಣಿಕರ ಬಗ್ಗೆ ಪ್ರಾಜೆಕ್ಟ್. ಪ್ರಶ್ನೆ: ಇವರು ಮಾಹಿತಿ ಹೇಗೆ ಕಲೆಹಾಕ್ತಾರೆ? ಪ್ರಶ್ನಾವಳಿಯೋ, ಸಂದರ್ಶನವೋ, ನಿಲ್ದಾಣದಲ್ಲಿ ನಿಂತು ಗಮನಿಸೋದೋ?

ಹುಡುಗ ಹೇಳ್ತಾನೆ, ಪ್ರಶ್ನಾವಳಿ ಮಾಡೋಣ, ತುಂಬ ಜನ ಸಿಗ್ತಾರೆ. ಹುಡುಗಿ, ‘ದಟ್ಸ್ ಆನ್ ಐಡಿಯಾ, ದೋ’ ನಮಗಿರೋದು ಎರಡೇ ವಾರ. ಇಲ್ಲಿಗೆ ಪ್ರಶ್ನಾವಳಿ ಹೋಯ್ತು. ಮೇಡಂ ಕೇಳ್ತಾರೆ, ನಿಲ್ದಾಣದಲ್ಲಿ ನಿಂತು ಗಮನಿಸಿದರೆ ಹೇಗೆ? ಹುಡುಗಿ, ನಾನೂ ಹಾಗೇ ಅಂದುಕೊಂಡಿದ್ದೆ, ಆದರೆ ಜನ ಯಾಕೆ ಬಸ್ ಹಿಡೀತಾರೆ ಅನ್ನೋದು ಅದರಲ್ಲಿ ಗೊತ್ತಾಗಲ್ಲವಲ್ಲ. ಇದೂ ಹೋಯ್ತು. ಹುಡುಗಿಯೇ ಮುಂದುವರಿಸಿ, ಹತ್ತು ಹನ್ನೆರಡು ಜನರನ್ನು ಕೂರಿಸಿ ಮಾತಾಡಿಸೋಣ. ಹುಡುಗ, ನನಗೆ ಹೆಚ್ಚು ಜನ ಇದ್ದರೇ ಚೆನ್ನಾಗಿರ್ತಿತ್ತು, ‘ಬಟ್ ಫೇರ್ ಇನಫ್’.

ಉತ್ತರ ಸಂದರ್ಶನ. ಗಮನಿಸಿ, ಇಂಟರ್‌ವ್ಯೂ ಅನ್ನೋ ಪದ ಯಾರ ಬಾಯಲ್ಲೂ ಬರಲೇ ಇಲ್ಲ, ಕೂರಿಸಿ ಮಾತಾಡಿಸೋದು ಅಂತ ಬಂತು. ಕಾಗದದ ಮೇಲಿನ ಪದಗಳು ಅದೇ ರೂಪದಲ್ಲಿ ಕೇಳಿಸಿದ್ದು ಬಿದ್ದುಹೋದ ಎರಡಕ್ಕೆ ಮಾತ್ರ. ಕಿವಿ ಕಾಗದದ ಪದಕ್ಕೆ ಕಾಯ್ತಾ ಕೂತರೆ ತಪ್ಪೋದು ಖಂಡಿತ.

ಇದಕ್ಕೆ ನಾನು ಕಂಡುಕೊಂಡ ದಾರಿ ಇಷ್ಟೇ. ಶುರುವಿನಲ್ಲಿ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೀತಾರೆ, ಆಗಲೇ ಹೆಸರಿನ ಮೊದಲಕ್ಷರ ಬರೆದುಕೊಂಡು, ಯಾವ ದನಿ ಯಾರದ್ದು ಅಂತ ಕಟ್ಟಿಕೊಳ್ಳಿ. ಒಂದು ಆಯ್ಕೆ ಕೇಳಿಸಿದ ತಕ್ಷಣ ಉತ್ತರ ಬರೀಬೇಡಿ, ಅದರ ಪಕ್ಕ ಹೇಳಿದವರ ಅಕ್ಷರ ಮಾತ್ರ ಹಾಕಿ. ಎದುರಿನವರ ಪ್ರತಿಕ್ರಿಯೆ ಕೇಳಿದ ಮೇಲೆ ಹೊಡೆದು ಹಾಕಿ, ಅಥವಾ ಉಳಿಸಿ. ಪ್ರಶ್ನೆ ಹಾಗಿಲ್ಲದೆ ‘ಹುಡುಗಿಯ ಅಭಿಪ್ರಾಯವೇನು’ ಅಂತ ಇದ್ದರೆ, ಹುಡುಗ ಎಷ್ಟೇ ಚೆನ್ನಾಗಿ ಮಾತಾಡಿದರೂ ಅದು ಲೆಕ್ಕಕ್ಕಿಲ್ಲ. ಆದ್ದರಿಂದ ಪ್ರಶ್ನೆ ಒಬ್ಬರದ್ದೋ ಎಲ್ಲರದ್ದೋ ಅಂತ ಓದೋ ಸಮಯದಲ್ಲೇ ಗುರುತು ಮಾಡಿಕೊಳ್ಳಿ.

ಆಫೀಸಿನ ಕಾಲ್‌ನಲ್ಲಿ ನನಗೆ ಈ ತೊಂದರೆ ಯಾಕೆ ಗೊತ್ತಾಗಿರಲಿಲ್ಲ ಅಂದರೆ, ಅಲ್ಲಿ ಕೊನೆಗೆ ಯಾರೋ ಒಬ್ಬರು ಮೀಟಿಂಗಿನ ತೀರ್ಮಾನವನ್ನು ಮೇಲ್ ಮಾಡ್ತಾರೆ. ಹತ್ತು ವರ್ಷ ನಾನು ಆ ಮೇಲ್ ಓದಿ "ಎಲ್ಲ ಕೇಳಿಸ್ತು" ಅಂದುಕೊಂಡಿದ್ದೆ!

ನಕ್ಷೆ: ಬೆರಳು ನಡೀಲಿ

ಇನ್ನು ನಕ್ಷೆ. ಇಲ್ಲಿ ಪದಗಳೆಲ್ಲ ಸುಲಭ: ಎಡ, ಬಲ, ಎದುರಿಗೆ, ಹಿಂದೆ. ಆದರೂ ನನಗೆ 12 ತಪ್ಪು. ನಮ್ಮೂರಲ್ಲಿ ದಾರಿ ಕೇಳಿದರೆ ನಾವು ಎಡ ಬಲ ಹೇಳೋದು ಕಡಿಮೆ. "ಹನಮಪ್ಪನ ಗುಡಿ ದಾಟಿ ಕೇಳ್ರಿ, ಯಾರಾದ್ರೂ ಹೇಳ್ತಾರ" ಅಂತೀವಿ. ಈ ಪರೀಕ್ಷೆಯಲ್ಲಿ ಗುಡಿ ದಾಟಿ ಕೇಳೋಕೆ ಯಾರೂ ಇರಲ್ಲ.

ಒಂದು ಚಿಕ್ಕ ನಕ್ಷೆ ನಾನೇ ಮಾಡಿದೀನಿ, ಪರೀಕ್ಷೆಯ ಅಚ್ಚಿನಲ್ಲೇ. ಒಂದು ಕಾಗದ ತಗೊಂಡು ಬರೀತಾ ಬನ್ನಿ. ಉದ್ಯಾನ ಒಂದು. ಕಾಗದದ ಕೆಳಗೆ, ನಡುವೆ, ಮುಖ್ಯ ಗೇಟು. ಅಲ್ಲಿಂದ ನೇರ ಮೇಲಕ್ಕೆ ಒಂದು ದಾರಿ. ದಾರಿಯ ನಡುಭಾಗದಲ್ಲಿ ಕಾರಂಜಿ. ಕಾರಂಜಿಯ ಎಡಕ್ಕೆ, ಸ್ವಲ್ಪ ದೂರದಲ್ಲಿ ಲೈಬ್ರರಿ. ಬಲಕ್ಕೆ, ಅಷ್ಟೇ ದೂರದಲ್ಲಿ ಕಾರ್ ಪಾರ್ಕ್. ಕಾಗದದ ಮೇಲ್ತುದಿಯ ಹತ್ತಿರ ಅಡ್ಡಲಾಗಿ ಹೊಳೆ, ದಾರಿ ಅದನ್ನು ಮುಟ್ಟೋ ಕಡೆ ಸೇತುವೆ.

ಈಗ ಅಕ್ಷರಗಳು. ಗೇಟಿನ ಒಳಗೆ ಎಡಕ್ಕೆ ಎ, ಬಲಕ್ಕೆ ಬಿ. ಲೈಬ್ರರಿಗೂ ದಾರಿಗೂ ನಡುವೆ ಸಿ. ಲೈಬ್ರರಿಯ ಹಿಂದೆ, ಅಂದರೆ ಇನ್ನೂ ಎಡಕ್ಕೆ, ಡಿ. ದಾರಿಗೂ ಕಾರ್ ಪಾರ್ಕಿಗೂ ನಡುವೆ ಇ. ಕಾರ್ ಪಾರ್ಕ್ ದಾಟಿ, ಬಲಗಡೆಯ ಮೇಲ್ಮೂಲೆಯಲ್ಲಿ, ಹೊಳೆಯ ಈಚೆಗೆ, ಎಫ್. ಸೇತುವೆಗಿಂತ ಮೊದಲು ಎಡಕ್ಕೆ, ದಡದ ಮೇಲೆ, ಜಿ. ಸೇತುವೆ ದಾಟಿದರೆ ಎಚ್. ಹುಡುಕಬೇಕಾದ್ದು ಐದು: ಟಿಕೆಟ್ ಕೌಂಟರ್, ಕೆಫೆ, ಸೈಕಲ್ ಬಾಡಿಗೆ, ಊಟಕ್ಕೆ ಕೂರೋ ಜಾಗ, ಪ್ರಥಮ ಚಿಕಿತ್ಸೆಯ ಕೋಣೆ.

ಪೆನ್ಸಿಲ್ ಅಥವಾ ಬೆರಳು ಗೇಟಿನ ಮೇಲೆ ಇಡಿ. ಕಂಪ್ಯೂಟರ್ ಮೇಲೆ ಬರೆಯೋದಾದರೆ ಮೌಸಿನ ಬಾಣ. ವಿವರಿಸೋ ಹೆಂಗಸು ಶುರು ಮಾಡ್ತಾರೆ.

"ಒಳಗೆ ಬರುತ್ತಿದ್ದಂತೆ ಬಲಕ್ಕೆ ಹಳೇ ಟಿಕೆಟ್ ಆಫೀಸ್ ಕಾಣುತ್ತೆ. ಈಗ ಅದು ಮುಚ್ಚಿದೆ, ಟಿಕೆಟ್ ಅದರ ಎದುರಿಗೆ ಸಿಗುತ್ತೆ." ಬಲಕ್ಕೆ ಅಂದಾಗಲೇ ಬಿ ಬರೆದವರು ಹೋದರು. ಉತ್ತರ ಎ.

"ದಾರಿ ಹಿಡಿದು ಕಾರಂಜಿಗೆ ಬನ್ನಿ. ಕೆಫೆ ಮೊದಲು ಲೈಬ್ರರಿ ಪಕ್ಕ ಇತ್ತು, ಈಗ ದಾರಿಯ ಆಚೆಗೆ ಹೋಗಿದೆ, ಕಾರ್ ಪಾರ್ಕಿಗಿಂತ ಸ್ವಲ್ಪ ಈಚೆಗೆ." ಮೊದಲು ಇತ್ತು ಅನ್ನೋದು ಸಿ. ಉತ್ತರ ಇ. ಇಂಗ್ಲಿಷಿನಲ್ಲಿ ‘ಯೂಸ್ಡ್ ಟು ಬಿ’ ಅಂತ ಬರುತ್ತೆ, ಅದು ಕೇಳಿಸಿದರೆ ಆ ಜಾಗ ಈಗಿನದ್ದಲ್ಲ.

"ಸೈಕಲ್ ಬೇಕಾದವರು ಕಾರ್ ಪಾರ್ಕ್ ದಾಟಿ ಹೋಗಿ, ದೂರದ ಮೂಲೆಯಲ್ಲಿದೆ." ಉತ್ತರ ಎಫ್. ಇಲ್ಲಿ ‘ಪಾಸ್ಟ್’ ಅಂದರೆ ದಾಟಿ ಮುಂದೆ. ‘ಜಸ್ಟ್ ಬಿಫೋರ್’ ಅಂದರೆ ಮುಟ್ಟೋ ಮೊದಲು. ಈ ಎರಡೇ ನಕ್ಷೆಯಲ್ಲಿ ಹೆಚ್ಚು ಅಂಕ ತಿನ್ನೋವು.

"ಮತ್ತೆ ಕಾರಂಜಿಗೆ ಬಂದು ಮೇಲಕ್ಕೆ ನಡೀರಿ. ಊಟಕ್ಕೆ ಕೂರೋ ಜಾಗ ಸೇತುವೆಯ ಆಚೆಗಿದೆ ಅಂತ ತುಂಬ ಜನ ತಿಳೀತಾರೆ. ದಾಟಬೇಡಿ, ಸೇತುವೆಗಿಂತ ಮೊದಲೇ ಎಡಕ್ಕೆ ತಿರುಗಿ ದಡದ ಮೇಲೆ." ಉತ್ತರ ಜಿ. ಎಚ್ ಬಲೆ.

ಈಗ ಕೊನೇದು. "ಸೇತುವೆಯಿಂದ ಗೇಟಿನ ಕಡೆ ವಾಪಸ್ ಬರುವಾಗ, ಪ್ರಥಮ ಚಿಕಿತ್ಸೆಯ ಕೋಣೆ ನಿಮ್ಮ ಬಲಕ್ಕೆ, ದೊಡ್ಡ ಕಟ್ಟಡವೊಂದರ ಹಿಂದೆ." ನಾನಾಗಿದ್ದರೆ ಬಲ ಅಂದ ಕೂಡಲೇ ಕಣ್ಣು ಕಾರ್ ಪಾರ್ಕ್ ಕಡೆ ಹೋಗ್ತಿತ್ತು. ಆದರೆ ಈಗ ನಾವು ಕೆಳಮುಖವಾಗಿ ನಡೀತಿದೀವಿ. ಕೆಳಗೆ ಬರೋನಿಗೆ ಬಲಗೈ ಇರೋದು ಕಾಗದದ ಎಡಕ್ಕೆ. ಅಲ್ಲಿರೋ ದೊಡ್ಡ ಕಟ್ಟಡ ಲೈಬ್ರರಿ, ಅದರ ಹಿಂದೆ ಡಿ.

ನೋಡಿ, ಉಳಿದದ್ದು ಬಿ, ಸಿ, ಎಚ್. ಮೂರಕ್ಕೂ ಧ್ವನಿಯಲ್ಲಿ ಒಂದೊಂದು ಸುಳ್ಳು ದಾರಿ ಇತ್ತು. ಬಳಕೆಯಾಗದ ಅಕ್ಷರಗಳನ್ನು ಸುಮ್ಮನೆ ಹಾಕಿರೋದಿಲ್ಲ.

ಹೀಗಾಗಿ ನಕ್ಷೆಗೆ ನನ್ನ ನಿಯಮ ಎರಡು. ಒಂದು, ಬೆರಳು ಯಾವಾಗಲೂ ವಿವರಿಸೋರ ಜೊತೆಗೇ ನಡೀಬೇಕು, ಉತ್ತರ ಸಿಕ್ಕಿದ ಮೇಲೂ ನಿಲ್ಲಬಾರದು. ಎರಡು, ಮುಖ ಯಾವ ಕಡೆ ಇದೆ ಅಂತ ಬೆರಳ ತುದಿ ತೋರಿಸಬೇಕು. ವಾಪಸ್ ಅಂದಾಗ ಕೈಯನ್ನೇ ತಿರುಗಿಸಿ. ಪಕ್ಕದವರು ನಗಲಿ, ಪರವಾಗಿಲ್ಲ. ಧ್ವನಿ ಶುರುವಾಗೋ ಮುಂಚೆ ಸಿಗೋ ಸಮಯದಲ್ಲಿ ಗೇಟು ಎಲ್ಲಿದೆ, ಉತ್ತರ ದಿಕ್ಕಿನ ಬಾಣ ಇದೆಯಾ, ಯಾವ ಅಕ್ಷರದ ಪಕ್ಕ ಯಾವ ಗುರುತಿದೆ ಅಂತ ಮನಸ್ಸಿನಲ್ಲೇ ಹೇಳಿಕೊಳ್ಳಿ. "ಡಿ, ಲೈಬ್ರರಿ ಹಿಂದೆ. ಎಫ್, ಮೂಲೆ." ಹೀಗೆ. ಆಗ ಕಿವಿ ಕೇಳಿದ ತಕ್ಷಣ ಕಣ್ಣಿಗೆ ಜಾಗ ಸಿಗುತ್ತೆ.

ಇದಕ್ಕೆ ಅಭ್ಯಾಸ ಹೇಗೆ ಮಾಡಿದೆ ಅಂದರೆ, ನನ್ನ ಹೆಂಡತಿ ನಮ್ಮ ಅಪಾರ್ಟ್‌ಮೆಂಟಿನ ನಕ್ಷೆ ಬರೆದು, ಇಂಗ್ಲಿಷಿನಲ್ಲಿ ದಾರಿ ಹೇಳೋಳು. ಬೇಕಂತಲೇ "ಅಯ್ಯೋ, ಅದು ಹೋದ ತಿಂಗಳವರೆಗೆ" ಅಂತ ನಡುವೆ ಸೇರಿಸೋಳು. ಎರಡು ವಾರದಲ್ಲಿ ಅವಳು ನನ್ನನ್ನು ಎಷ್ಟು ಸಲ ಕ್ಲಬ್ ಹೌಸ್ ಬದಲು ಕಸದ ತೊಟ್ಟಿಗೆ ಕಳಿಸಿದಳೋ ಲೆಕ್ಕ ಇಲ್ಲ.

ಕೊನೆಗೆ

ಆರು ವಾರ ಹೀಗೆ ಮಾಡಿ ಮತ್ತೆ ಆರು ಪತ್ರಿಕೆ ಬರೆದೆ. 54 ಇದ್ದ ತಪ್ಪು 26ಕ್ಕೆ ಬಂತು. ಪ್ರಮಾಣದಲ್ಲಿ ಹೆಚ್ಚು ಇಳಿದದ್ದು ನಕ್ಷೆ, 12ರಿಂದ 2ಕ್ಕೆ. ಉಚ್ಚಾರದ್ದು 19ರಿಂದ 9. ಹಲವರ ಮಾತಿನದ್ದು 14ರಿಂದ 8, ಈ ಮೂರರಲ್ಲಿ ಇದೇ ಹಟಮಾರಿ. ಸ್ಪೆಲ್ಲಿಂಗಿಗೆ ನಾನು ಗಮನ ಕೊಟ್ಟಿದ್ದೇ ಕಡಿಮೆ, 9 ಇದ್ದದ್ದು 7ಕ್ಕೆ ನಿಂತಿತು. ನೀವು ನನ್ನ ಥರ ಮಾಡಬೇಡಿ. ಕಂಪ್ಯೂಟರ್ ಪರೀಕ್ಷೆಯಲ್ಲಿ ಕೊನೆಗೆ ಉತ್ತರ ನೋಡಿಕೊಳ್ಳೋಕೆ ಸಿಗೋ ಎರಡು ನಿಮಿಷವನ್ನು ಅದಕ್ಕೇ ಇಟ್ಟುಕೊಳ್ಳಿ: ಕೊನೆಯ ‘ಎಸ್’ ಇದೆಯಾ, ಎರಡು ಪದದ ಮಿತಿ ಇದ್ದ ಕಡೆ ಮೂರು ಬರೆದಿದೀನಾ.

ಎರಡನೇ ಸಲ ಪರೀಕ್ಷೆ ಬರೆದಾಗ ಲಿಸನಿಂಗ್ 8 ಬಂತು. ಸರಿಯಾಗಿ 8, ಒಂದು ಕೂದಲೆಳೆಯೂ ಹೆಚ್ಚಿಲ್ಲ. ಫಲಿತಾಂಶ ಎರಡು ವರ್ಷ ನಡೆಯುತ್ತೆ, ಅರ್ಜಿ ಹಾಕಿದೀವಿ, ಕಾಯ್ತಾ ಇದೀವಿ.

ನೀವು ಈ ವಾರ ಒಂದೇ ಕೆಲಸ ಮಾಡಿ. ಒಂದು ಹಳೇ ಪತ್ರಿಕೆ ಬರೆದು, ತಪ್ಪಾದ ಪ್ರತಿಯೊಂದರ ಮುಂದೆ ಬರೀರಿ: ಸದ್ದು ತಪ್ಪಿತಾ, ತೀರ್ಮಾನ ತಪ್ಪಿತಾ, ದಿಕ್ಕು ತಪ್ಪಿತಾ, ಅಕ್ಷರ ತಪ್ಪಿತಾ? ಯಾವುದು ಹೆಚ್ಚಿದೆಯೋ ಅಲ್ಲಿಂದ ಶುರು ಮಾಡಿ. ನಿಮ್ಮ ಪಟ್ಟಿ ನನ್ನದರ ಹಾಗಿರಬೇಕು ಅಂತಿಲ್ಲ. ಅಮೆರಿಕದ ಕ್ಲೈಂಟ್ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದೋರಿಗೆ ನ್ಯೂಜಿಲೆಂಡ್ ಮಾತ್ರ ಕಾಡಬಹುದು, ದಾರಿ ಚೆನ್ನಾಗಿ ಹೇಳೋ ಊರಿನವರಿಗೆ ನಕ್ಷೆ ಕಾಡದೇ ಇರಬಹುದು.

 ಬರ್ತೀನಿ. ನಮ್ಮಲ್ಲಿ ಬರ್ತೀನಿ ಅಂದರೆ ಹೋಗ್ತೀನಿ ಅಂತ, ಅದನ್ನು ಯಾರೂ ನಿಮಗೆ ಹೇಳಿಕೊಡಬೇಕಾಗಿಲ್ಲ. ನಮಸ್ಕಾರ.